ಗ್ರಾಹಕರು ಲಭ್ಯವಿರಲಿಲ್ಲ

ಶನಿವಾರ ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ಆ ಪತ್ರ ತೆರೆದೆ. ಹಿಂದಿನ ರಾತ್ರಿ 11 ದಾಟಿದ ಮೇಲೆ ಬರೆದದ್ದು. ಅಷ್ಟು ಹೊತ್ತಿಗೆ ಬರುವ ದೂರುಗಳನ್ನು ನಾನು ಕಾಫಿಗಿಂತ ಮೊದಲು ಓದುವುದಿಲ್ಲ ಎಂದು ಹಿಂದೆ ನಿಯಮ ಮಾಡಿಕೊಂಡಿದ್ದೆ. ಅವತ್ತು ಮರೆತೆ.

"ಇದು ನನ್ನ ಮೂರನೇ ಪತ್ರ. ಎರಡು ದಿನ ರಜೆ ಹಾಕಿ ಬಾಗಿಲ ಹತ್ತಿರವೇ ಕೂತಿದ್ದೆ. ನಿಮ್ಮವರು ಬರಲೇ ಇಲ್ಲ. ಬಂದದ್ದು ಒಂದು ಮೆಸೇಜು: ಗ್ರಾಹಕರು ಲಭ್ಯವಿರಲಿಲ್ಲ. ಎರಡು ಸಲವೂ ಅದೇ. ಹಾಗಾದರೆ ನಾನು ಸುಳ್ಳು ಹೇಳ್ತಿದೀನಾ? ಸೋಮವಾರದಿಂದ ಬಟ್ಟೆ ಮಷೀನಿನೊಳಗೆ ನೀರಲ್ಲೇ ಕೊಳೀತಿವೆ, ಬಾಗಿಲು ತೆಗೆಯೋಕೂ ಆಗ್ತಿಲ್ಲ. ನಿಮಗೆ ನಾಚಿಕೆ ಅನ್ನೋದು ಇದೆಯಾ? ದುಡ್ಡು ವಾಪಸ್ ಕೊಡಿ, ಇಲ್ಲ ಹೊಸ ಮಷೀನ್ ಕೊಡಿ. ಇಲ್ಲಾಂದ್ರೆ ಎಲ್ಲ ಕಡೆ ಬರೀತೀನಿ."

ಮನೆಬಳಕೆಯ ಯಂತ್ರಗಳನ್ನು ಮಾರುವ ಕಂಪನಿಯೊಂದರ ಗ್ರಾಹಕ ಸೇವೆಯಲ್ಲಿ ನಾನು ಆಗ ಇದ್ದೆ. ಮೊದಲ ಹಂತದಲ್ಲಿ ಬಗೆಹರಿಯದ ದೂರುಗಳು ನನ್ನ ಮೇಜಿಗೆ ಬರುತ್ತಿದ್ದವು. ಅಂದರೆ, ಮಾಮೂಲಿ ಉತ್ತರಗಳನ್ನೆಲ್ಲ ತಿಂದು ಸಾಕಾಗಿ, ಅದರ ಸಿಟ್ಟೂ ಸೇರಿಕೊಂಡವರು ಮಾತ್ರ ನನಗೆ ಸಿಗುತ್ತಿದ್ದರು. ಮೊದಲು ಯಂತ್ರ ಕೆಟ್ಟದ್ದು ಒಂದು ತಪ್ಪು. ಅದನ್ನು ಸರಿ ಮಾಡುತ್ತೇವೆಂದು ಹೊರಟು ನಾವೇ ಕೆಡಿಸಿದ್ದು ಎರಡನೆಯದು. ಈ ವಿಷಯ ಅಧ್ಯಯನ ಮಾಡಿದವರು ಇದನ್ನು ‘ಡಬಲ್ ಡೀವಿಯೇಶನ್’ ಅನ್ನುತ್ತಾರೆ. ಜನ ಮೊದಲ ತಪ್ಪನ್ನು ಯಂತ್ರದ ಲೆಕ್ಕಕ್ಕೆ ಬರೆದು ಸುಮ್ಮನಿರಬಹುದು. ಎರಡನೆಯದನ್ನು ಮನುಷ್ಯರ ಲೆಕ್ಕಕ್ಕೇ ಬರೆಯುತ್ತಾರೆ.

ಆಕೆ ಬುಧವಾರ ಬರೆದ ಎರಡನೇ ಪತ್ರಕ್ಕೆ ಹೋಗಿದ್ದ ಉತ್ತರವನ್ನು ತೆಗೆದು ನೋಡಿದೆ.

"ಮಾನ್ಯ ಗ್ರಾಹಕರೇ, ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು. ತಮಗೆ ಅನನುಕೂಲವಾಗಿದ್ದರೆ ವಿಷಾದಿಸುತ್ತೇವೆ. ನಮ್ಮ ದಾಖಲೆಗಳ ಪ್ರಕಾರ ಭೇಟಿಯ ಸಮಯದಲ್ಲಿ ತಾವು ಲಭ್ಯವಿರಲಿಲ್ಲ. ಆದಾಗ್ಯೂ ತಮ್ಮ ದೂರನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ. ಶೀಘ್ರದಲ್ಲೇ ತಮ್ಮನ್ನು ಸಂಪರ್ಕಿಸಲಾಗುವುದು. ತಮ್ಮ ಸಹಕಾರಕ್ಕೆ ಧನ್ಯವಾದಗಳು."

ಓದುತ್ತಾ ಹೋದಂತೆ ಮುಖ ಬಿಸಿಯಾಯಿತು. ಆ ಟೆಂಪ್ಲೇಟ್ ನಾನೇ ಬರೆದದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಭಾಷೆ ಗೌರವಯುತವಾಗಿದೆ ಎಂದು ಮೇಲಿನವರಿಂದ ಶಹಬ್ಬಾಸ್‌ಗಿರಿ ಬೇರೆ ಗಿಟ್ಟಿಸಿದ್ದೆ.

ಅದರಲ್ಲಿ ಬೈಗುಳದ ಮಾತಿಲ್ಲ, ಏಕವಚನವಿಲ್ಲ. ಆದರೂ ಸಿಟ್ಟಿನಲ್ಲಿರುವವರಿಗೆ ಅದು ಗಾಯಕ್ಕೆ ಉಪ್ಪು ಸವರಿದ ಹಾಗೆ. ಯಾಕೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಭಾಷೆಯ ವ್ಯಾಕರಣದಲ್ಲೇ ಜಾರಿಕೊಳ್ಳಲು ಕೆಲವು ಸೊಗಸಾದ ಸಂದುಗಳಿವೆ.

ಮೊದಲನೆಯದು ‘ಆಗಿದ್ದರೆ’. "ಅನನುಕೂಲವಾಗಿದ್ದರೆ ವಿಷಾದಿಸುತ್ತೇವೆ." ಆಗಿದೆಯೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ ಎಂದು ಆ ‘ಇದ್ದರೆ’ ಹೇಳುತ್ತದೆ. ಒಂದು ಇಡೀ ದಿನ ಬಾಗಿಲು ಕಾದವರ ಮುಂದೆ ಇದನ್ನಿಡುವುದು ಅವರ ಮಾತನ್ನು ಅನುಮಾನಿಸಿದಂತೆಯೇ. ಎರಡನೆಯದು ‘ಲಾಗಿದೆ’, ‘ಲಾಗುವುದು’. ಕಳುಹಿಸಲಾಗಿದೆ, ಪರಿಶೀಲಿಸಲಾಗುವುದು. ಮನೆಯಲ್ಲಿ ಯಾರಾದರೂ "ಅನ್ನ ಬಡಿಸಲಾಗಿದೆ" ಅನ್ನುತ್ತಾರೆಯೇ? ಆಡುಮಾತಿನಲ್ಲಿ ನಾವು ಬಳಸದ ಈ ರೂಪ ಕಚೇರಿಯ ಕಾಗದಕ್ಕೆ ಬಂದೊಡನೆ ಕೈಕಾಲು ಪಡೆಯುತ್ತದೆ, ಮಾಡುವವರು ಮಾತ್ರ ಮಾಯವಾಗುತ್ತಾರೆ. ಯಾರು ಕಳಿಸಿದರು, ಯಾರಿಗೆ ಕಳಿಸಿದರು, ಆ ಯಾರೋ ಇವತ್ತು ಕೆಲಸಕ್ಕೆ ಬಂದಿದ್ದಾರೆಯೇ, ಒಂದೂ ತಿಳಿಯುವುದಿಲ್ಲ. ಮೂರನೆಯದು ‘ಶೀಘ್ರದಲ್ಲೇ’. ಗಡಿಯಾರವನ್ನೇ ನೋಡುತ್ತಾ ಕೂತವರಿಗೆ ಗಂಟೆ ಹೇಳದ ಉತ್ತರ.

‘ವಿಷಾದಿಸುತ್ತೇವೆ’ ಅನ್ನುವುದೂ ಹಾಗೇ. ಮಳೆ ಬಂದು ಆಟ ನಿಂತರೆ ವಿಷಾದಿಸಬಹುದು. ಅದರಲ್ಲಿ ನಮ್ಮ ಪಾತ್ರವಿರಬೇಕೆಂದಿಲ್ಲ. ‘ಕ್ಷಮಿಸಿ’ ಅನ್ನುವವರು ಮಾತ್ರ ತಾವು ಏನೋ ಮಾಡಿದ್ದೇವೆ ಎಂದು ಒಪ್ಪಿಕೊಂಡಿರುತ್ತಾರೆ.

ಆದರೆ ಇವೆಲ್ಲಕ್ಕಿಂತ ದೊಡ್ಡ ತಪ್ಪು ಮೂರನೇ ವಾಕ್ಯದಲ್ಲಿತ್ತು. ದಾಖಲೆಯ ಪ್ರಕಾರ ತಾವು ಲಭ್ಯವಿರಲಿಲ್ಲ. ಆಕೆ ಹೇಳಿದ್ದು ಒಂದು, ನಮ್ಮ ಕಂಪ್ಯೂಟರ್ ಹೇಳಿದ್ದು ಇನ್ನೊಂದು. ಎರಡನ್ನೂ ತಾಳೆ ನೋಡದೆ ನಾವು ಕಂಪ್ಯೂಟರನ್ನು ನಂಬಿದ್ದೆವು.

ಇಂಥ ಪತ್ರವನ್ನು ನಾನು ಎರಡು ಸಲ ಓದುತ್ತೇನೆ. ಮೊದಲ ಸಲ ಸುಮ್ಮನೆ. ಬೈಗುಳ ಮೈಗೆ ತಾಗುವುದಿದ್ದರೆ ಆಗಲೇ ತಾಗಿ ಹೋಗಲಿ. ಎರಡನೇ ಸಲ ಕೈಯಲ್ಲಿ ಪೆನ್ನು ಹಿಡಿದು, ಏನಾಯಿತು, ಯಾವುದು ಚುಚ್ಚಿತು, ಏನು ಬೇಕು ಎಂದು ಬೇರೆ ಬೇರೆ ಬರೆದುಕೊಳ್ಳುತ್ತೇನೆ. ಅವತ್ತು ‘ಏನಾಯಿತು’ ಸುಲಭವಿತ್ತು: ನೀರು ಹೊರಹೋಗದೆ ಮಷೀನ್ ನಿಂತಿದೆ, ಎರಡು ಭೇಟಿ ತಪ್ಪಿವೆ. ‘ಏನು ಬೇಕು’ ಕೂಡ ಆಕೆಯೇ ಹೇಳಿದ್ದರು. ‘ಯಾವುದು ಚುಚ್ಚಿತು’ ಎಂಬಲ್ಲಿ ಮೊದಲು ‘ರಜೆ ವ್ಯರ್ಥ’ ಎಂದು ಬರೆದೆ. ಆಮೇಲೆ ಪತ್ರ ಮತ್ತೆ ನೋಡಿದಾಗ, ಇಡೀ ಪತ್ರದಲ್ಲಿ ಆಕೆ ನಮ್ಮನ್ನು ಬೈಯದೆ ಕೇಳಿದ ಪ್ರಶ್ನೆ ಒಂದೇ ಎಂದು ಕಂಡಿತು. "ನಾನು ಸುಳ್ಳು ಹೇಳ್ತಿದೀನಾ?" ಅದಕ್ಕೆ ಉತ್ತರ ಕೊಡದೆ ಪಂಪ್, ಬಿಡಿಭಾಗ, ಭೇಟಿ ಎಂದು ಎಷ್ಟು ಬರೆದರೂ ಆಕೆಯ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಹಾಗಾಗಿ ‘ರಜೆ ವ್ಯರ್ಥ’ದ ಮೇಲೆ ‘ಸುಳ್ಳುಗಾರ್ತಿ ಮಾಡಿದೆವು’ ಎಂದು ಸೇರಿಸಿದೆ.

ಈ ಪಟ್ಟಿಯಲ್ಲಿ ನಾಲ್ಕನೆಯದೂ ಒಂದಿರುತ್ತದೆ, ಹೊಸಬರು ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ: ಈ ಕ್ಷಣಕ್ಕೆ ಅವರ ತೊಂದರೆ ಏನು? ಮಷೀನ್ ರಿಪೇರಿಗೆ ನಾಳೆಯವರೆಗೆ ಕಾಯಬಹುದು. ನೀರಿನಲ್ಲಿ ಮುಳುಗಿರುವ ಬಟ್ಟೆ ಕಾಯುವುದಿಲ್ಲ. ಅದಕ್ಕೆ ತಂತ್ರಜ್ಞರೇ ಬೇಕೆಂದೂ ಇಲ್ಲ.

9:40ಕ್ಕೆ ಒಂದು ಸಣ್ಣ ಉತ್ತರ ಕಳಿಸಿದೆ. ಸತ್ಯ ಇನ್ನೂ ಗೊತ್ತಿಲ್ಲದಿದ್ದಾಗ ಪೂರ್ತಿ ಉತ್ತರ ಬರೆಯಲು ಹೋಗಬಾರದು. ಗೊತ್ತಾಗುವವರೆಗೆ ಸುಮ್ಮನಿರಲೂ ಬಾರದು. ಹೆಸರು ಹಾಕಿ, ನಿಮ್ಮ ಮೂರೂ ಪತ್ರ ಓದಿದ್ದೇನೆ, ಎರಡು ದಿನ ಏನಾಯಿತೆಂದು ನಾನೇ ವಿಚಾರಿಸುತ್ತಿದ್ದೇನೆ, ಇವತ್ತು ಮಧ್ಯಾಹ್ನ 1 ಗಂಟೆಯೊಳಗೆ ಪೂರ್ತಿ ಉತ್ತರ ಬರೆಯುತ್ತೇನೆ, ಅಷ್ಟರಲ್ಲಿ ಪೂರ್ತಿ ಗೊತ್ತಾಗದಿದ್ದರೆ ಅದನ್ನೂ ಬರೆದು ತಿಳಿಸುತ್ತೇನೆ ಎಂದೆ. ಕೆಳಗೆ ಬಟ್ಟೆಯ ವಿಷಯ: ಮಷೀನಿನ ಪ್ಲಗ್ ತೆಗೆಯಿರಿ. ಮುಂಭಾಗದ ತಳದಲ್ಲಿ ಒಂದು ಸಣ್ಣ ಮುಚ್ಚಳವಿದೆ, ಅದರೊಳಗೆ ತಿರುಗಿಸುವ ಫಿಲ್ಟರ್ ಇದೆ. ಕೆಳಗೆ ಅಗಲವಾದ ತಟ್ಟೆ ಮತ್ತು ಹಳೆಯ ಟವೆಲ್ ಇಟ್ಟು ಫಿಲ್ಟರನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ತಟ್ಟೆ ತುಂಬಿದಾಗ ಮತ್ತೆ ಬಿಗಿ ಮಾಡಿ, ಚೆಲ್ಲಿ ಬನ್ನಿ. ನೀರು ಪೂರ್ತಿ ಹೋದ ಮೇಲೆ ಕೆಲವು ನಿಮಿಷ ಬಿಟ್ಟರೆ ಬಾಗಿಲಿನ ಬೀಗ ಸಾಮಾನ್ಯವಾಗಿ ಬಿಡುತ್ತದೆ. ಬಲವಂತವಾಗಿ ಎಳೆಯಬೇಡಿ. ಇದನ್ನು ನೀವು ಮಾಡಲೇಬೇಕೆಂದೇನೂ ಇಲ್ಲ, ಬಟ್ಟೆ ಬೇಗ ಬೇಕಿದ್ದರೆ ಮಾತ್ರ.

ಆ ಕೊನೆಯ ವಾಕ್ಯ ಯೋಚಿಸಿ ಹಾಕಿದ್ದು. ಅದಿಲ್ಲದಿದ್ದರೆ, ನಮ್ಮ ಕೆಲಸವನ್ನು ಆಕೆಯ ತಲೆಗೆ ಕಟ್ಟಿದ ಹಾಗಾಗುತ್ತಿತ್ತು.

ಇಷ್ಟರಲ್ಲಿ ಕ್ಷಮೆ ಕೇಳಿರಲಿಲ್ಲ, ಗಮನಿಸಿರಬಹುದು. "ಹೀಗಾಗಿದ್ದಕ್ಕೆ ಬೇಸರವಿದೆ" ಎಂದಷ್ಟೇ ಇತ್ತು. ಯಾವುದಕ್ಕೆ ಕೇಳುತ್ತಿದ್ದೇನೆಂದು ಗೊತ್ತಿಲ್ಲದೆ ಕೇಳಿದ ಕ್ಷಮೆ ಆಮೇಲೆ ನಿಜವಾಗಿ ಕೇಳಬೇಕಾದಾಗ ಸವೆದುಹೋಗಿರುತ್ತದೆ.

ಆಮೇಲಿನ ಎರಡು ಗಂಟೆ ಫೋನಿನಲ್ಲಿ ಹೋಯಿತು. ಕಾಲ್ ಲಾಗ್ ತರಿಸಿದೆ. ಬುಧವಾರ ಆಕೆಯ ನಂಬರಿಗೆ ನಮ್ಮ ಕಡೆಯಿಂದ ಒಂದೂ ಕರೆ ಹೋಗಿರಲಿಲ್ಲ. ಶುಕ್ರವಾರವೂ ಇಲ್ಲ. ಆಕೆ ಹೇಳಿದ್ದು ಅಕ್ಷರಶಃ ಸತ್ಯ. ತಂತ್ರಜ್ಞನನ್ನು ಕೇಳಿದೆ. ಮೊದಲು ತಡವರಿಸಿದ. ನಾನು ಬೈಯಲು ಕರೆ ಮಾಡಿಲ್ಲ, ಉತ್ತರ ಬರೆಯಬೇಕಿದೆ ಎಂದ ಮೇಲೆ ಬಾಯಿಬಿಟ್ಟ. ದಿನಕ್ಕೆ ಹೆಚ್ಚೆಂದರೆ 6 ಭೇಟಿ ಮಾಡಬಹುದಾದವನಿಗೆ ಬುಧವಾರ 9 ಹಂಚಿದ್ದರು. ಆಕೆಯದು ಎಂಟನೆಯದು. ಸಂಜೆ ಆ್ಯಪ್‌ನಲ್ಲಿ ಉಳಿದ ಭೇಟಿಗಳನ್ನು ಮುಚ್ಚದೆ ಮನೆಗೆ ಹೋಗುವಂತಿಲ್ಲ. ಮುಚ್ಚಲು ಆ್ಯಪ್ ಕೊಡುತ್ತಿದ್ದ ಕಾರಣಗಳು ಮೂರೇ: ಕೆಲಸ ಮುಗಿದಿದೆ, ಗ್ರಾಹಕರು ನಿರಾಕರಿಸಿದರು, ಗ್ರಾಹಕರು ಲಭ್ಯವಿರಲಿಲ್ಲ.

‘ನನಗೆ ಸಮಯ ಸಾಲಲಿಲ್ಲ’ ಎಂಬುದು ಪಟ್ಟಿಯಲ್ಲೇ ಇಲ್ಲ. ‘ಬಿಡಿಭಾಗ ಇಲ್ಲ’ ಎಂಬುದೂ ಇಲ್ಲ, ಶುಕ್ರವಾರ ಆದದ್ದು ಅದೇ. "ಇದ್ದುದರಲ್ಲಿ ಕಮ್ಮಿ ಸುಳ್ಳು ಅಂದ್ರೆ ಅದೇ ಸಾರ್" ಅಂದ. ನಗು ಬರಬೇಕಿತ್ತು, ಬರಲಿಲ್ಲ. ಅವನು ಒತ್ತಿದ ಒಂದು ಬಟನ್‌ನಿಂದ ಗ್ರಾಹಕಿಗೆ ಮೆಸೇಜ್ ತಾನಾಗಿ ಹೋಗಿತ್ತು. ಆ ಮೆಸೇಜ್ ದಾಖಲೆಯಾಗಿತ್ತು. ಆ ದಾಖಲೆಯನ್ನು ನೋಡಿ ನನ್ನ ಟೆಂಪ್ಲೇಟ್ ಆಕೆಗೆ ಪಾಠ ಹೇಳಿತ್ತು.

ಇನ್ನು ಕೊಡಬಹುದಾದದ್ದು. ಡ್ರೇನ್ ಪಂಪ್ ಇನ್ನೊಂದು ಕೇಂದ್ರದಲ್ಲಿತ್ತು. ಅಲ್ಲಿಂದ ತರಿಸಿ, ನಮ್ಮ ದಾಸ್ತಾನಿಗೆ ಬಂತೆಂದು ಕಣ್ಣಾರೆ ಖಾತ್ರಿಯಾಗುವವರೆಗೆ ನಾನು ಬರೆಯಲು ಕೂರಲಿಲ್ಲ. ಎರಡು ಸಲ ಮಾತು ತಪ್ಪಿದವರ ಮೂರನೇ ಮಾತಿಗೆ ಬೆಲೆ ಬರುವುದು ಅದು ನಡೆದರೆ ಮಾತ್ರ. ಹಣ ವಾಪಸ್ ಕೊಡುವ ಅಧಿಕಾರ ನನಗಿರಲಿಲ್ಲ. ವಾರಂಟಿಯ ನಿಯಮದಂತೆ ಮೊದಲು ದುರಸ್ತಿ. ಮೇಲಿನವರ ಹತ್ತಿರ ಹೋಗಿ, ದುರಸ್ತಿಯಾದ 30 ದಿನದೊಳಗೆ ಇದೇ ದೋಷ ಮರುಕಳಿಸಿದರೆ ಮಷೀನನ್ನೇ ಬದಲಿಸಿಕೊಡಲು ಲಿಖಿತ ಒಪ್ಪಿಗೆ ತಂದೆ.

12:35ಕ್ಕೆ ಕಳಿಸಿದ ಉತ್ತರ ಇದು:

"ನಮಸ್ಕಾರ. ಬುಧವಾರ ನಮ್ಮ ತಂತ್ರಜ್ಞರು ನಿಮ್ಮ ಮನೆಗೆ ಬರಲಿಲ್ಲ, ಫೋನ್ ಕೂಡ ಮಾಡಲಿಲ್ಲ. ಶುಕ್ರವಾರವೂ ಹಾಗೇ ಮಾಡಿದೆವು. ನೀವು ಲಭ್ಯವಿರಲಿಲ್ಲ ಎಂದು ನಾವು ಕಳಿಸಿದ ಎರಡೂ ಮೆಸೇಜ್ ಸುಳ್ಳು. ನೀವು ಹೇಳಿದ್ದೇ ನಿಜ. ನಿಮ್ಮ ಎರಡು ರಜೆ ಹಾಳು ಮಾಡಿ, ಮೇಲಿಂದ ತಪ್ಪು ನಿಮ್ಮದೇ ಎಂದು ಬರೆದಿದ್ದಕ್ಕೆ ಕ್ಷಮಿಸಿ.

ಬುಧವಾರ ಒಬ್ಬರಿಗೆ ಮುಗಿಸಲಾಗದಷ್ಟು ಭೇಟಿಗಳನ್ನು ನಾವು ಹಂಚಿದ್ದೆವು. ಶುಕ್ರವಾರ ಬೇಕಾದ ಪಂಪ್ ನಮ್ಮಲ್ಲಿರಲಿಲ್ಲ. ಎರಡನ್ನೂ ಮೊದಲೇ ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ.

ಪಂಪ್ ಈಗ ನಮ್ಮ ಕೈಯಲ್ಲಿದೆ. ನಾಳೆ, ಭಾನುವಾರ ಬೆಳಿಗ್ಗೆ 9 ಗಂಟೆಗೆ ಬೇರೊಬ್ಬ ತಂತ್ರಜ್ಞರು ಬರುತ್ತಾರೆ. ಅವರ ದಿನದ ಮೊದಲ ಭೇಟಿ ನಿಮ್ಮದೇ. ನಾಳೆ ಆಗದಿದ್ದರೆ ಸೋಮವಾರ ಸಂಜೆ 6ಕ್ಕೆ ಬರುತ್ತಾರೆ. ಯಾವುದೆಂದು ತಿಳಿಸಿ.

ಹಣ ವಾಪಸ್ ಅಥವಾ ಹೊಸ ಮಷೀನ್ ಕೇಳಿದ್ದೀರಿ. ಅದನ್ನು ಈಗ ಕೊಡಲು ನನ್ನಿಂದ ಆಗುವುದಿಲ್ಲ, ಮೊದಲು ದುರಸ್ತಿ ಮಾಡಬೇಕೆಂಬುದು ವಾರಂಟಿಯ ನಿಯಮ. ದುರಸ್ತಿಯಾದ 30 ದಿನದೊಳಗೆ ಇದೇ ದೋಷ ಮತ್ತೆ ಬಂದರೆ ಮಷೀನ್ ಬದಲಿಸಿಕೊಡುತ್ತೇವೆ. ಇದಕ್ಕೆ ಒಪ್ಪಿಗೆ ಪಡೆದಿದ್ದೇನೆ, ಈ ಪತ್ರವನ್ನೇ ತೋರಿಸಿದರೆ ಸಾಕು.

ಕೆಳಗಿರುವುದು ನನ್ನ ನೇರ ನಂಬರ್. ನಾಳೆ ಬೆಳಿಗ್ಗೆ 8ರಿಂದ ನಾನೇ ಎತ್ತುತ್ತೇನೆ."

ಮೊದಲ ಸಾಲಿನಲ್ಲೇ ತಪ್ಪನ್ನು ಒಪ್ಪಿಕೊಂಡದ್ದು ಸೌಜನ್ಯಕ್ಕೆಂದು ಮಾಡಿದ್ದಲ್ಲ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು ಕ್ಷಮಾಪಣೆಯನ್ನು 6 ಭಾಗ ಮಾಡಿ, ಯಾವುದು ಜನರಿಗೆ ನಾಟುತ್ತದೆ ಎಂದು ನೋಡಿ 2016ರಲ್ಲಿ ಪ್ರಕಟಿಸಿದ್ದರು. ಬೇಸರ ವ್ಯಕ್ತಪಡಿಸುವುದು, ಕಾರಣ ವಿವರಿಸುವುದು, ಹೊಣೆ ಒಪ್ಪಿಕೊಳ್ಳುವುದು, ಇನ್ನು ಹೀಗೆ ಮಾಡುವುದಿಲ್ಲ ಎನ್ನುವುದು, ಸರಿಪಡಿಸುತ್ತೇವೆ ಎನ್ನುವುದು, ಮನ್ನಿಸಿ ಎಂದು ಬೇಡುವುದು. ಹೊಣೆ ಒಪ್ಪಿಕೊಳ್ಳುವುದಕ್ಕೆ ಎಲ್ಲಕ್ಕಿಂತ ಹೆಚ್ಚು ತೂಕ, ಸರಿಪಡಿಸುವ ಮಾತಿಗೆ ಅದರ ನಂತರದ್ದು ಎಂದು ಅವರಿಗೆ ಕಂಡಿತು. ಎಲ್ಲಕ್ಕಿಂತ ಕಡಿಮೆ ತೂಕ ಮನ್ನಿಸಿ ಎಂದು ಬೇಡುವುದಕ್ಕೆ. ನನ್ನ ಹಳೆಯ ಟೆಂಪ್ಲೇಟ್ ನೆನಪಾಗಿ ಎಣಿಸಿ ನೋಡಿದ್ದೆ. ಆರರಲ್ಲಿ ಒಂದು, ಅದೂ ಅರ್ಧ ಮಾತ್ರ ಇತ್ತು: ‘ಇದ್ದರೆ’ ಸೇರಿದ ಬೇಸರ.

ಕಾರಣ ಹೇಳುವ ಭಾಗವನ್ನು ಮಾತ್ರ ಎಚ್ಚರದಿಂದ ಬರೆಯಬೇಕು. ಕಾರಣಕ್ಕೂ ಸಬೂಬಿಗೂ ನಡುವೆ ಕೂದಲೆಳೆಯ ಅಂತರ. ಕರಡಿನಲ್ಲಿ ನಾನು "ಹಬ್ಬದ ದಿನಗಳಾದ್ದರಿಂದ ಕೆಲಸದ ಒತ್ತಡ ಹೆಚ್ಚಿತ್ತು" ಎಂದು ಬರೆದಿದ್ದೆ. ಅದು ನಿಜವೇ. ಆದರೆ ಆ ವಾಕ್ಯದಲ್ಲಿ ತಪ್ಪು ಹಬ್ಬದ ಮೇಲೆ ಹೋಗುತ್ತದೆ. "ಮುಗಿಸಲಾಗದಷ್ಟು ಭೇಟಿಗಳನ್ನು ನಾವು ಹಂಚಿದ್ದೆವು" ಎಂದು ತಿದ್ದಿದೆ. ವಿಷಯ ಅದೇ, ಕ್ರಿಯಾಪದದ ಕೊನೆಯಲ್ಲಿ ‘ನಾವು’ ಬಂದು ಕೂತಿದೆ. ತಂತ್ರಜ್ಞನನ್ನು ಮುಂದೆ ತಳ್ಳಿ ನಾವು ಹಿಂದೆ ನಿಲ್ಲುವುದೂ ಬೇಡವೆನಿಸಿತು. ಒತ್ತಿದ್ದು ಅವನೇ, ಬಟನ್ ಮಾಡಿಕೊಟ್ಟವರು ನಾವು.

‘ಇಲ್ಲ’ ಹೇಳುವುದೂ ಹಾಗೇ ಕಷ್ಟ. ಹಣ ವಾಪಸ್ ಬಗ್ಗೆ ಏನೂ ಬರೆಯದೆ ಬಿಟ್ಟಿದ್ದರೆ ಪತ್ರ ಸಿಹಿಯಾಗಿ ಮುಗಿಯುತ್ತಿತ್ತು. ಮುಂದಿನ ಪತ್ರ "ನನ್ನ ಪ್ರಶ್ನೆಗೆ ಉತ್ತರವೇ ಕೊಟ್ಟಿಲ್ಲ" ಎಂದು ಬರುತ್ತಿತ್ತು. ಕೇಳಿದ್ದನ್ನು ಹೆಸರಿಸಿ, ಆಗುವುದಿಲ್ಲವೆಂದು ಒಂದೇ ಸಲ ಹೇಳಿ, ಯಾವಾಗ ಆಗುತ್ತದೆಂಬುದನ್ನು ಪಕ್ಕದಲ್ಲೇ ಇಟ್ಟರೆ ಜನ ಒಪ್ಪುತ್ತಾರೆಂದಲ್ಲ, ಆದರೆ ಮೋಸ ಮಾಡಿದರು ಅನ್ನುವುದಿಲ್ಲ. ಈ ‘ಇಲ್ಲ’ವನ್ನು ತಪ್ಪೊಪ್ಪಿಗೆಯ ಪಕ್ಕಕ್ಕೆ ತರಬಾರದು. "ಕ್ಷಮಿಸಿ, ಆದರೆ ಹಣ ಕೊಡಲಾಗುವುದಿಲ್ಲ" ಅಂದರೆ ‘ಆದರೆ’ ಅದರ ಹಿಂದಿನದನ್ನೆಲ್ಲ ನುಂಗಿಬಿಡುತ್ತದೆ. ಅದಕ್ಕೇ ನಡುವೆ ಎರಡು ಪ್ಯಾರಾ ಇದ್ದವು.

ಬರೆಯದೆ ಬಿಟ್ಟದ್ದೂ ಕೆಲವಿದ್ದವು. "ನಿಮ್ಮ ಕೋಪ ನಮಗೆ ಅರ್ಥವಾಗುತ್ತದೆ" ಎಂದು ಬರೆಯಲಿಲ್ಲ. ಬರೆದವರೆಲ್ಲ ಬರೆದು ಅದು ಸವಕಲಾಗಿದೆ. ಎರಡು ರಜೆ, ಎರಡು ಸುಳ್ಳು ಮೆಸೇಜ್ ಎಂದು ಹೆಸರಿಸಿದರೆ ಅರ್ಥವಾಗಿದೆಯೆಂದು ಅವರಿಗೇ ತಿಳಿಯುತ್ತದೆ. "ಎಲ್ಲ ಕಡೆ ಬರೀತೀನಿ" ಎಂಬ ಬೆದರಿಕೆಗೆ ಏನೂ ಹೇಳಲಿಲ್ಲ. "ನಾಚಿಕೆ ಇದೆಯಾ" ಎಂಬುದಕ್ಕೂ ಇಲ್ಲ. ‘ಶಾಂತವಾಗಿರಿ’ ಎಂಬ ಮಾತನ್ನಂತೂ ಯಾವ ಸಂದರ್ಭದಲ್ಲೂ ಬರೆಯುವುದಿಲ್ಲ. ಅದನ್ನು ಕೇಳಿ ಶಾಂತರಾದವರನ್ನು ನಾನಿನ್ನೂ ನೋಡಿಲ್ಲ. ಕೂಪನ್, ಮುಂದಿನ ಖರೀದಿಗೆ ರಿಯಾಯಿತಿ, ಅವೂ ಬೇಡವೆಂದೆ. ಇರುವ ಮಷೀನೇ ನಿಂತಿರುವಾಗ ಇನ್ನೊಂದನ್ನು ಕೊಳ್ಳಿ ಅನ್ನುವುದು ಯಾವ ಸೀಮೆಯ ಸಮಾಧಾನ?

20 ನಿಮಿಷಕ್ಕೆ ಉತ್ತರ ಬಂತು.

"ಮೊದಲೂ ಬರ್ತೀವಿ ಅಂತಲೇ ಹೇಳಿದ್ರಿ. ನೋಡೋಣ. ನಾಳೆ 9."

ಪಕ್ಕದ ಮೇಜಿನ ಹುಡುಗ ಇಣುಕಿ, "ಇಷ್ಟೆಲ್ಲ ಬರೆದರೂ ಇಷ್ಟೇನಾ?" ಅಂದ. ನನಗೆ ಅದರಲ್ಲಿ ಬೇರೆಯೇ ಕಂಡಿತು. ಬೈಗುಳ ಇರಲಿಲ್ಲ. ಬೆದರಿಕೆ ಇರಲಿಲ್ಲ. ಹಣ ವಾಪಸ್ ಮಾತೂ ಇರಲಿಲ್ಲ. ಅಪನಂಬಿಕೆ ಮಾತ್ರ ಉಳಿದಿತ್ತು, ಅದಕ್ಕೆ ಆಕೆಗೆ ಪೂರ್ತಿ ಹಕ್ಕಿತ್ತು. ಇಂಥ ಹೊತ್ತಿನಲ್ಲಿ ಹೊಸಬರು ಇನ್ನೊಂದು ಉದ್ದ ಪತ್ರ ಬರೆದು ನಂಬಿಸಲು ಹೊರಡುತ್ತಾರೆ. ನಾನು "ನಾಳೆ 9. ತಂತ್ರಜ್ಞರು ಹೊರಟಾಗ ನಾನೇ ಮೆಸೇಜ್ ಮಾಡುತ್ತೇನೆ" ಎಂದಷ್ಟೇ ಬರೆದೆ.

ಭಾನುವಾರ 8:40ಕ್ಕೆ ತಂತ್ರಜ್ಞರಿಗೆ ಫೋನ್ ಮಾಡಿದೆ. ಗಾಡಿಯ ಚಕ್ರ ಪಂಕ್ಚರ್. ಬೇರೆ ಗಾಡಿ ಹಿಡಿದು ಬರಲು 20 ನಿಮಿಷ ಹೆಚ್ಚು ಬೇಕು. ವಿಧಿಗೂ ಹಾಸ್ಯಪ್ರಜ್ಞೆ ಇದೆ. 8:45ಕ್ಕೆ ಆಕೆಗೆ ಮೆಸೇಜ್ ಮಾಡಿದೆ: ಗಾಡಿ ಕೆಟ್ಟಿದೆ, 9:20ಕ್ಕೆ ತಲುಪುತ್ತಾರೆ, ಹೊರಟ ಕೂಡಲೇ ತಿಳಿಸುತ್ತೇನೆ. ತಡವಾಗುತ್ತದೆಂಬ ಸುದ್ದಿ 9ಕ್ಕೆ ಮೊದಲು ಬಂದರೆ ಅದು ಮಾಹಿತಿ. 9:05ಕ್ಕೆ ಬಂದರೆ ನೆಪ. 8:55ಕ್ಕೆ ಇನ್ನೊಂದು ಮೆಸೇಜ್, ಹೊರಟರೆಂದು. 9:18ಕ್ಕೆ ಅವರು ಬಾಗಿಲು ತಟ್ಟಿದರು.

ಅಲ್ಲಿ ಇನ್ನೊಂದು ತೊಡಕು ಕಾದಿತ್ತು. ಪಂಪ್ ಬಿಚ್ಚಿದಾಗ ಅದರ ಚಕ್ರದ ರೆಕ್ಕೆ ಮುರಿದಿತ್ತು, ರೆಕ್ಕೆಗೆ ಒಂದು ತೆಳು ಲೋಹದ ತಂತಿ ಸಿಕ್ಕಿಕೊಂಡಿತ್ತು. ಒಳಉಡುಪಿನ ಹೊಲಿಗೆ ಬಿಟ್ಟು ಹೊರಬರುವ ತಂತಿ. ಇದು ಬಹಳ ಸಾಮಾನ್ಯ. ಡ್ರಮ್ಮಿನ ತೂತಿನಿಂದ ನುಸುಳುತ್ತದೆ, ಕೆಲವೊಮ್ಮೆ ಫಿಲ್ಟರನ್ನೂ ದಾಟುತ್ತದೆ. ಹೊರಗಿನ ವಸ್ತುವಿನಿಂದಾದ ಹಾನಿಗೆ ವಾರಂಟಿ ಇಲ್ಲ. ತಂತ್ರಜ್ಞರು ನನಗೆ ಫೋನ್ ಮಾಡಿ ಮೆಲ್ಲಗೆ ಕೇಳಿದರು: "ಪಂಪಿನ ದುಡ್ಡು ತಗೋಬೇಕಾ?"

ನಿಯಮದ ಪ್ರಕಾರ ತಗೋಬೇಕಿತ್ತು. ಅದೂ ತಪ್ಪಾಗುತ್ತಿರಲಿಲ್ಲ. ಆದರೆ ನಮ್ಮವರು ಬುಧವಾರವೇ ಬಂದಿದ್ದರೆ ಈ ಮಾತು ಸಹಜವಾಗಿ ಆಡಬಹುದಿತ್ತು. ಐದು ದಿನ ಕಾಯಿಸಿ, ಸುಳ್ಳುಗಾರ್ತಿ ಅಂದು, ಈಗ ಬಂದು "ತಪ್ಪು ನಿಮ್ಮದೇ, ದುಡ್ಡು ಕೊಡಿ" ಅಂದರೆ ನಿನ್ನೆ ಬರೆದ ಕ್ಷಮೆಗೆ ಅರ್ಥವೇನು? ತಗೋಬೇಡಿ, ತಂತಿಯನ್ನು ತೋರಿಸಿ, ಅಂಥ ಬಟ್ಟೆಯನ್ನು ಜಾಲರಿ ಚೀಲದಲ್ಲಿ ಹಾಕಿ ತೊಳೆದರೆ ಮುಂದೆ ಹೀಗಾಗುವುದಿಲ್ಲ ಎಂದು ಹೇಳಿ ಅಂದೆ. "ನಿಮ್ಮಿಂದ ಹೀಗಾಯ್ತು" ಅನ್ನುವ ಬದಲು "ಇದು ಸಿಕ್ಕಿಕೊಂಡಿತ್ತು" ಎಂದು ಹೇಳಲು ಕೇಳಿಕೊಂಡೆ. ಮಾಡಿದವರನ್ನು ಮಾಯ ಮಾಡುತ್ತದೆಂದು ಈ ಮೇಲೆ ನಾನು ಅಷ್ಟು ಬೈದ ನುಣುಚು ಭಾಷೆಗೂ ಒಂದು ಜಾಗವಿದೆ. ತಪ್ಪು ನಮ್ಮದಾದಾಗ ಕರ್ತೃವನ್ನು ಹೇಳಬೇಕು. ಅವರದಾದಾಗ ಕರ್ತೃವನ್ನು ಬಿಟ್ಟರೂ ವಿಷಯ ತಲುಪುತ್ತದೆ.

ಎಲ್ಲ ಪತ್ರಕ್ಕೂ ಇದೇ ಮದ್ದು ನಡೆಯುವುದಿಲ್ಲ. ಯಂತ್ರದಿಂದ ಹೊಗೆ ಬಂತು, ಶಾಕ್ ಹೊಡೆಯಿತು ಎಂದು ಬರೆದವರಿಗೆ ಮೊದಲ ವಾಕ್ಯ ಕ್ಷಮೆಯೂ ಅಲ್ಲ, ವಿಚಾರಣೆಯೂ ಅಲ್ಲ. ಮುಟ್ಟಬೇಡಿ, ಮೇನ್ ಸ್ವಿಚ್ ಆರಿಸಿ, ಯಾರಿಗಾದರೂ ಪೆಟ್ಟಾಗಿದೆಯೇ ಎಂದು ಕೇಳಬೇಕು, ಅದನ್ನು ಫೋನಿನಲ್ಲೇ ಕೇಳಬೇಕು. ವಕೀಲರ ನೋಟಿಸ್ ಬಂದಿದ್ದರೆ ನಾನೊಬ್ಬನೇ ಕೂತು ಉತ್ತರ ಬರೆಯುವ ಹಾಗಿಲ್ಲ. ಬೈಗುಳ ಕೆಲಸದ ಮೇಲಿಂದ ಸರಿದು ಬರೆಯುವವರ ಮನೆಯವರ ಮೇಲೆ, ಜಾತಿ-ಹೆಣ್ತನದ ಮೇಲೆ ಹೋದರೆ, ದೂರನ್ನು ಬಗೆಹರಿಸುತ್ತೇವೆ, ಈ ಭಾಷೆಗೆ ಉತ್ತರಿಸುವುದಿಲ್ಲ ಎಂದು ಒಮ್ಮೆ ಹೇಳಿ ಬೇರೆಯವರ ಕೈಗೆ ಕೊಡುತ್ತೇವೆ. ಇನ್ನು ಕೆಲವರಿಗೆ ಸಿಟ್ಟೇ ವ್ಯವಹಾರ, ಜೋರು ಮಾಡಿದರೆ ಏನಾದರೂ ಸಿಗುತ್ತದೆಂದು ಗೊತ್ತಿರುತ್ತದೆ. ಅವರನ್ನು ಗುರುತಿಸುವುದು ನಾನು ತಿಳಿದಿದ್ದಷ್ಟು ಸುಲಭವಲ್ಲ. ಹಾಗಂದುಕೊಂಡು ತಪ್ಪು ಮಾಡಿದ್ದೇ ಹೆಚ್ಚು.

ಸೋಮವಾರ ಬೆಳಿಗ್ಗೆ ಆ್ಯಪ್ ನೋಡಿಕೊಳ್ಳುವ ತಂಡದ ಜೊತೆ ಕೂತೆ. ಭೇಟಿ ಮುಚ್ಚುವ ಪಟ್ಟಿಗೆ ‘ನಮ್ಮಿಂದ ತಲುಪಲಾಗಲಿಲ್ಲ’, ‘ಬಿಡಿಭಾಗ ಇಲ್ಲ’ ಎಂಬ ಎರಡು ಸಾಲು ಸೇರಿಸಲು ಒಪ್ಪಿದರು. ‘ಗ್ರಾಹಕರು ಲಭ್ಯವಿರಲಿಲ್ಲ’ ಒತ್ತಬೇಕಾದರೆ ಆ ದಿನ ಅವರ ನಂಬರಿಗೆ ಕರೆ ಹೋಗಿರಬೇಕು ಎಂಬುದಕ್ಕೂ. ಈ ಬದಲಾವಣೆ ಆ್ಯಪ್‌ನಲ್ಲಿ ಬರಲು ಆರು ವಾರ ಹಿಡಿಯಿತು. ಟೆಂಪ್ಲೇಟನ್ನು ಅವತ್ತೇ ಅಳಿಸಿದೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ.

ಮಧ್ಯಾಹ್ನ ಆಕೆಗೆ ಕೊನೆಯ ಸಲ ಬರೆದೆ, ಮಷೀನ್ ಹೇಗಿದೆ ಎಂದು. ಎರಡು ಸುತ್ತು ಬಟ್ಟೆ ಹಾಕಿದೆ, ನೀರು ಸರಿಯಾಗಿ ಹೋಗುತ್ತಿದೆ ಎಂದು ಉತ್ತರ ಬಂತು. ಧನ್ಯವಾದ ಇರಲಿಲ್ಲ. ಅದರ ಕೆಳಗೆ ಒಂದು ಪ್ರಶ್ನೆ ಇತ್ತು:

"ನಾನು ಮನೇಲಿರಲಿಲ್ಲ ಅಂತ ನಿಮ್ಮ ಕಂಪ್ಯೂಟರಲ್ಲಿ ಈಗಲೂ ಹಾಗೇ ಇದೆಯಾ?"

ತೆರೆದು ನೋಡಿದೆ. ಇತ್ತು. ಬುಧವಾರದ್ದೂ, ಶುಕ್ರವಾರದ್ದೂ. ಮುಚ್ಚಿದ ಭೇಟಿಯ ಕಾರಣವನ್ನು ಬದಲಿಸಲು ನನಗೆ ಅನುಮತಿ ಇರಲಿಲ್ಲ. ಅದಿದ್ದವರನ್ನು ಹುಡುಕಿ, ಅವರು ಊಟ ಮುಗಿಸಿ ಬರುವವರೆಗೆ ಅವರ ಮೇಜಿನ ಪಕ್ಕದಲ್ಲೇ ನಿಂತಿದ್ದು, ಎರಡೂ ಸಾಲು ತಿದ್ದಿಸಿದೆ. ಆಮೇಲೆ ಆಕೆಗೆ ಬರೆದೆ: "ಇತ್ತು. ಈಗ ತೆಗೆಸಿದ್ದೇನೆ. ‘ನಮ್ಮ ತಂತ್ರಜ್ಞರು ಹೋಗಲಿಲ್ಲ’ ಎಂದಿದೆ."

"ಸರಿ" ಎಂದು ಬರೆದಿದ್ದರು.